ಅಭ್ಯಾಸ ಹಾಳೆ: ಇಬ್ಬರು ಆಟೊ ಚಾಲಕರ ವಾರದ ಗಳಿಕೆ

ಪ್ರಥಮ ಪಿಯುಸಿ, ಅರ್ಥಶಾಸ್ತ್ರ. ಮಾದರಿ ಉತ್ತರಗಳ ಸಹಿತ

ಯಶವಂತಪುರ ರೈಲು ನಿಲ್ದಾಣದ ಸ್ಟ್ಯಾಂಡಿನಲ್ಲಿ ನಿಲ್ಲುವವರು ಚಾಲಕ ಅ, ಮಲ್ಲೇಶ್ವರದಲ್ಲಿ ಓಡಿಸುವವರು ಚಾಲಕ ಬ. ಗ್ಯಾಸ್ ಖರ್ಚು ಕಳೆದು ಕೈಗೆ ಉಳಿದ ಹಣ ಕೆಳಗಿದೆ (ರೂಪಾಯಿಗಳಲ್ಲಿ). ಅಂಕಿಗಳು ಅಭ್ಯಾಸಕ್ಕೆಂದೇ ಕಟ್ಟಿದವು.

| ದಿನ | ಚಾಲಕ ಅ | ಚಾಲಕ ಬ |
|---|---|---|
| ಸೋಮ | 940 | 700 |
| ಮಂಗಳ | 980 | 650 |
| ಬುಧ | 1010 | 800 |
| ಗುರು | 960 | 750 |
| ಶುಕ್ರ | 1060 | 900 |
| ಶನಿ | 1100 | 1100 |
| ಭಾನು | 950 | 2100 |

ಭಾನುವಾರ ಚಾಲಕ ಬ ಅವರ ಆಟೊವನ್ನು ಮದುವೆ ಮನೆಯವರು ಇಡೀ ದಿನಕ್ಕೆ ಗೊತ್ತು ಮಾಡಿಕೊಂಡಿದ್ದರು.

ಪ್ರಶ್ನೆ 1. ಇಬ್ಬರ ಸರಾಸರಿ ಮತ್ತು ಮಧ್ಯಾಂಕ ಕಂಡುಹಿಡಿಯಿರಿ.

ಇಬ್ಬರ ಮೊತ್ತವೂ 7000, ದಿನ 7. ಹಾಗಾಗಿ ಇಬ್ಬರ ಸರಾಸರಿಯೂ 1000 ರೂ.

ಮಧ್ಯಾಂಕಕ್ಕೆ ಮೊದಲು ಏರಿಕೆ ಕ್ರಮದಲ್ಲಿ ಬರೆಯಬೇಕು. ಕೋಷ್ಟಕದ ನಡುವೆ ಇದೆಯೆಂದು ಗುರುವಾರದ ಅಂಕಿಯನ್ನೇ ಎತ್ತಿ ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ, ಅದಕ್ಕೆ ಅಂಕವಿಲ್ಲ.

ಅ: 940, 950, 960, 980, 1010, 1060, 1100
ಬ: 650, 700, 750, 800, 900, 1100, 2100

(7 + 1) ÷ 2 = 4. ನಾಲ್ಕನೆಯ ಬೆಲೆಯೇ ಮಧ್ಯಾಂಕ: ಅ 980 ರೂ., ಬ 800 ರೂ.

ಪ್ರಶ್ನೆ 2. ವ್ಯಾಪ್ತಿ ಮತ್ತು ಮಾನಕ ವಿಚಲನೆ ಲೆಕ್ಕ ಹಾಕಿ.

ವ್ಯಾಪ್ತಿ: ಅ 1100 − 940 = 160. ಬ 2100 − 650 = 1450.

ಸೂತ್ರ: σ = √(Σ(x − x̄)² ÷ n)

ಚಾಲಕ ಬ ಅವರದ್ದನ್ನು ಪೂರ್ತಿ ಬಿಡಿಸಿದೆ:

| x | x − 1000 | ವರ್ಗ |
|---|---|---|
| 700 | −300 | 90000 |
| 650 | −350 | 122500 |
| 800 | −200 | 40000 |
| 750 | −250 | 62500 |
| 900 | −100 | 10000 |
| 1100 | 100 | 10000 |
| 2100 | 1100 | 1210000 |
| ಮೊತ್ತ | 0 | 1545000 |

1545000 ÷ 7 = 220714.3. ವರ್ಗಮೂಲ 469.8 ರೂ.

ನಡುವಿನ ಅಂಕಣದ ಮೊತ್ತ ಸೊನ್ನೆ ಬಂತೇ ಎಂದು ನೋಡಿಕೊಂಡೇ ಮುಂದೆ ಹೋಗಿ. ಬರದಿದ್ದರೆ ಎಲ್ಲೋ ಕೂಡುವುದರಲ್ಲಿ ಎಡವಿದ್ದೀರಿ. ಚಾಲಕ ಅ ಅವರಿಗೆ ವರ್ಗಗಳ ಮೊತ್ತ 21800; σ = 55.8 ರೂ. ಕಂಪ್ಯೂಟರಿನಲ್ಲಿ ತಾಳೆ ನೋಡುವವರು `STDEV.P` ಬಳಸಿ. `STDEV.S` ಹಾಕಿದರೆ 7ರ ಬದಲು 6ರಿಂದ ಭಾಗವಾಗಿ ಬ ಅವರಿಗೆ 507.4 ಬರುತ್ತದೆ. ಅದು ಮಾದರಿ ದತ್ತಾಂಶಕ್ಕೆ ಬಳಸುವ ಲೆಕ್ಕ. ನಮಗಿಲ್ಲಿ ಬೇಕಿರುವುದು ಈ ಒಂದು ವಾರದ ಏರಿಳಿತ ಮಾತ್ರ.

ಪ್ರಶ್ನೆ 3. “ಇಬ್ಬರ ಗಳಿಕೆಯೂ ಒಂದೇ” ಎಂಬ ಮಾತನ್ನು ಪರಿಶೀಲಿಸಿ.

ಹೆಚ್ಚು ಅಂಕ ಇರುವುದು ಈ ಪ್ರಶ್ನೆಗೆ. “ಬ ಅವರ ಮಾನಕ ವಿಚಲನೆ ಹೆಚ್ಚು” ಎಂದಷ್ಟೇ ಬರೆದು ನಿಲ್ಲಿಸಿದರೆ ಅರ್ಧ ಉತ್ತರ. ಅದರಿಂದ ಆ ಮನುಷ್ಯನ ವಾರ ಹೇಗಿತ್ತು ಎಂದು ಹೇಳಬೇಕು.

ಮಾದರಿ ಉತ್ತರ: ವಾರದ ಒಟ್ಟು ಹಣದ ಮಟ್ಟಿಗೆ ಮಾತು ನಿಜ, ದಿನದ ಮಟ್ಟಿಗೆ ಅಲ್ಲ. ಚಾಲಕ ಬ ಅವರು ಸರಾಸರಿಗಿಂತ ಹೆಚ್ಚು ದುಡಿದದ್ದು ಶನಿವಾರ, ಭಾನುವಾರ ಮಾತ್ರ. ಉಳಿದ 5 ದಿನವೂ 1000ಕ್ಕಿಂತ ಕಡಿಮೆ. ಭಾನುವಾರವನ್ನು ತೆಗೆದು ನೋಡಿದರೆ ಸರಾಸರಿ 4900 ÷ 6 = 816.7ಕ್ಕೆ ಕುಸಿಯುತ್ತದೆ, ಮಧ್ಯಾಂಕ 800ರಿಂದ 775ಕ್ಕೆ ಇಳಿಯುತ್ತದೆ, ಅಷ್ಟೆ. ಮದುವೆ ಬಾಡಿಗೆ ಸರಾಸರಿಯನ್ನು ಮೇಲಕ್ಕೆಳೆದಿದೆ, ಮಧ್ಯಾಂಕವನ್ನು ಹೆಚ್ಚು ಅಲುಗಾಡಿಸಿಲ್ಲ. ಆದ್ದರಿಂದ ಅವರ ಸಾಮಾನ್ಯ ದಿನದ ಗಳಿಕೆಗೆ 800 ರೂ. ಹೆಚ್ಚು ಹತ್ತಿರದ ಅಂಕಿ. ಚಾಲಕ ಅ ಅವರ ಸರಾಸರಿ, ಮಧ್ಯಾಂಕಗಳ ನಡುವೆ ಬರೀ 20 ರೂ. ಅಂತರ, ಅವರಿಗೆ ಯಾವುದನ್ನು ಹೇಳಿದರೂ ನಡೆಯುತ್ತದೆ.

ಒಂದು ಎಚ್ಚರಿಕೆ: 2100 ತಪ್ಪು ದಾಖಲೆಯಲ್ಲ, ನಿಜವಾಗಿ ಬಂದ ಹಣ. ಅದನ್ನು ಬಿಟ್ಟು ನೋಡಿದ್ದು ಪರೀಕ್ಷಿಸುವುದಕ್ಕೆ, ಕೋಷ್ಟಕದಿಂದ ಅಳಿಸಿಬಿಡುವಂತಿಲ್ಲ.

ಪ್ರಶ್ನೆ 4. ಮನೆಖರ್ಚು ಮತ್ತು ಆಟೊ ಸಾಲದ ಕಂತು ಸೇರಿ ದಿನಕ್ಕೆ 750 ರೂ. ಬೇಕು. ಯಾರಿಗೆ, ಯಾವಾಗ ಕೊರತೆ?

ಚಾಲಕ ಅ ಅವರ ಅತಿ ಕಡಿಮೆ ದಿನವೂ 940, ಕೊರತೆಯಿಲ್ಲ. ಚಾಲಕ ಬ ಅವರಿಗೆ ಸೋಮವಾರ 50, ಮಂಗಳವಾರ 100 ಸಾಲದು. ಗುರುವಾರ ಸರಿಗೆ ಸರಿ. ಭಾನುವಾರದ ಬಾಡಿಗೆ ಬರುತ್ತದೆಂದು ಸೋಮವಾರ ಯಾರಿಗೂ ಗೊತ್ತಿರುವುದಿಲ್ಲ, ಆ 150 ರೂ. ಕೈಸಾಲವೇ ಆಗಿರಬೇಕು. ಮೊತ್ತ ಒಂದೇ ಆದರೂ ಏರಿಳಿತ ಹೆಚ್ಚಿದ್ದವರು ಸಾಲಕ್ಕೆ ಕೈಚಾಚಬೇಕಾಗುವುದು ಹೀಗೆ.

ಪ್ರಶ್ನೆ 5. (ಮನೆಗೆಲಸ) ಇಬ್ಬರಿಗೂ ಪ್ರತಿದಿನ 50 ರೂ. ಹೆಚ್ಚು ಉಳಿಯುತ್ತದೆ ಎಂದುಕೊಳ್ಳಿ. ಸರಾಸರಿ, ಮಧ್ಯಾಂಕ, ವ್ಯಾಪ್ತಿ, ಮಾನಕ ವಿಚಲನೆ, ಈ ನಾಲ್ಕರಲ್ಲಿ ಯಾವುವು ಬದಲಾಗುತ್ತವೆ? ವರ್ಗಗಳ ಕೋಷ್ಟಕವನ್ನು ಮತ್ತೆ ಬರೆಯದೆ, ಕಾರಣ ಕೊಟ್ಟು ಉತ್ತರಿಸಿ.