ಒಂಬತ್ತನೇ ತರಗತಿಗೆ ಒಂದು ಹೊಸ ಐಚ್ಛಿಕ ವಿಷಯ: ಧರ್ಮಗಳ ತೌಲನಿಕ ಅಧ್ಯಯನ

ಮೇಡಂ, ನಮಸ್ಕಾರ.

ಕಳೆದ ವಾರ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಅರ್ಧ ಹೇಳಿದ್ದೆ, ಅಷ್ಟರಲ್ಲಿ ಬೆಲ್ ಆಯ್ತು. ಬರೆದು ಕೊಡಿ ಅಂದಿರಿ. ಬರೆದಿದ್ದೇನೆ, ಸ್ವಲ್ಪ ಉದ್ದ ಆಗಿದೆ. ನಾನು ಕೇಳುತ್ತಿರುವುದು ಇಷ್ಟೇ: ಮುಂದಿನ ವರ್ಷ ಒಂಬತ್ತನೇ ತರಗತಿಗೆ ಧರ್ಮಗಳ ತೌಲನಿಕ ಅಧ್ಯಯನವನ್ನು ಐಚ್ಛಿಕ ವಿಷಯವಾಗಿ ಕೊಡೋಣ. ವಾರಕ್ಕೆ ಎರಡು ಪೀರಿಯಡ್, ಬೇಕಾದವರಿಗೆ ಮಾತ್ರ.

ಇದು ಶುರುವಾಗಿದ್ದು ಎಂಟನೇ ತರಗತಿಯಲ್ಲಿ. ನೋಹನ ನಾವೆಯ ಪಾಠ ನಡೆದಿತ್ತು. ಒಬ್ಬ ಹುಡುಗ ಎದ್ದು, "ಮನುವಿನ ಕಥೆಯಲ್ಲೂ ಪ್ರಳಯ ಇದೆಯಲ್ವಾ ಸರ್, ಯಾರು ಯಾರದ್ದನ್ನ ಕಾಪಿ ಹೊಡೆದಿದ್ದು?" ಅಂದ. ಕ್ಲಾಸು ನಕ್ಕಿತು. ನಾನು ಜಗಳ ಬೇಡ ಅಂತ "ಎಲ್ಲಾ ಧರ್ಮಗಳೂ ಹೇಳೋದು ಒಂದೇ" ಅಂತ ಮುಗಿಸಲು ನೋಡಿದೆ. ಹಿಂದಿನ ಬೆಂಚಿನಲ್ಲಿದ್ದ ಜೈನ ಹುಡುಗಿ ಮೆಲ್ಲಗೆ ಕೇಳಿದಳು: "ಆದ್ರೆ ಸರ್, ನಮ್ಮಲ್ಲಿ ಜಗತ್ತನ್ನ ಮಾಡಿದ ದೇವರೇ ಇಲ್ಲವಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದ ಮಾತು ಅದು. ಜಗಳ ನಿಲ್ಲಿಸುತ್ತೆ ಅಂದುಕೊಂಡಿದ್ದೆ, ಪ್ರಶ್ನೆಯನ್ನೂ ನಿಲ್ಲಿಸುತ್ತಿತ್ತು ಅನ್ನೋದು ಅವತ್ತು ಗೊತ್ತಾಯಿತು.

ಮರುದಿನ ಸಿಲಬಸ್ ಪಕ್ಕಕ್ಕಿಟ್ಟು ನಾಲ್ಕು ಜೆರಾಕ್ಸ್ ಹಾಳೆ ಹಂಚಿದೆ. ಶತಪಥ ಬ್ರಾಹ್ಮಣದ ಮನು, ಬೈಬಲ್ಲಿನ ನೋಹ, ಕುರ್‌ಆನಿನ ನೂಹ್, ಪ್ರಾಚೀನ ಮೆಸೊಪೊಟೇಮಿಯಾದ ಗಿಲ್ಗಮೇಶ್ ಕಾವ್ಯದ ಉತ್ನಪಿಷ್ಟಿಮ್. ಚಾರ್ಟ್ ಪೇಪರಿನಲ್ಲಿ ನಾಲ್ಕು ಕಾಲಂ ಹಾಕಿ ಮಕ್ಕಳೇ ತುಂಬಿದರು. ಹತ್ತು ನಿಮಿಷಕ್ಕೆ ಸದ್ದು ನಿಂತಿತು. ಮನು ಬೆಳಗ್ಗೆ ಕೈ ತೊಳೆಯುವಾಗ ಸಿಕ್ಕ ಪುಟ್ಟ ಮೀನೇ ಕೊನೆಗೆ ದೋಣಿ ಎಳೆಯುತ್ತೆ, ಆದರೆ ನೀರು ಇಳಿದ ಮೇಲೆ ಅವನು ಒಬ್ಬಂಟಿ. ನೋಹನಿಗೆ ಮನೆಯವರೆಲ್ಲ ಉಳಿಯುತ್ತಾರೆ, ಮಳೆಬಿಲ್ಲಿನ ಗುರುತಿಟ್ಟು ಒಂದು ಮಾತೂ ಸಿಗುತ್ತೆ. ಉತ್ನಪಿಷ್ಟಿಮ್‌ಗೆ ಸಾವೇ ಇಲ್ಲ, ಆದರೆ ಜನರಿಂದ ದೂರ. ನೂಹನ ಮಗ ಮಾತ್ರ ಹಡಗು ಹತ್ತುವುದಿಲ್ಲ, ಬೆಟ್ಟ ಹತ್ತಿ ಉಳಿದುಕೊಳ್ಳುತ್ತೇನೆ ಅಂತಾನೆ, ಮುಳುಗುತ್ತಾನೆ. ಕಾಪಿ ಅಂದಿದ್ದ ಹುಡುಗ ಅಲ್ಲೇ ನಿಂತುಬಿಟ್ಟ. "ಅಪ್ಪ ಕರೆದ್ರೂ ಯಾಕೆ ಬರಲಿಲ್ಲ?"

ಅವನ ಮೊದಲ ಪ್ರಶ್ನೆಯನ್ನೂ ಬಿಡಲಿಲ್ಲ. ನೋಹ ಮತ್ತು ಉತ್ನಪಿಷ್ಟಿಮ್ ಇಬ್ಬರೂ ನೀರು ಇಳಿಯಿತಾ ನೋಡಲು ಹಕ್ಕಿ ಬಿಡುತ್ತಾರೆ, ಪಾರಿವಾಳ ಮತ್ತು ಕಾಗೆ ಎರಡರಲ್ಲೂ ಇವೆ. ಮನುವಿನ ಕಥೆಯಲ್ಲಿ ಹಕ್ಕಿ ಇಲ್ಲ. ಹಾಗಾದರೆ ಯಾವ ಎರಡು ಕಥೆ ಹತ್ತಿರದ ನೆಂಟರು? ಮಕ್ಕಳೇ ಹೇಳಿದರು. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ಸ್ಮಿತ್ ಅನ್ನುವ ವಿದ್ವಾಂಸ ಗಿಲ್ಗಮೇಶ್ ಕಾವ್ಯದ ಜೇಡಿಮಣ್ಣಿನ ಹಲಗೆಯ ಮೇಲೆ ಆ ಹಕ್ಕಿಯ ಸಾಲುಗಳನ್ನು ಓದಿದಾಗ ಅವನಿಗೆ ಹೊಳೆದಿದ್ದೂ ಇದೇ.

ನಮ್ಮ ಈಗಿನ ಪಾಠ ಕೆಟ್ಟದ್ದು ಅಂತ ಅಲ್ಲ. ಆದರೆ ಟರ್ಮಿಗೆ ಒಂದು ಧರ್ಮ, ಸ್ಥಾಪಕರು ಯಾರು, ಗ್ರಂಥ ಯಾವುದು, ಹಬ್ಬ ಯಾವುದು ಅಂತ ಹೋಗುತ್ತೇವೆ. ಬಿಟ್ಟ ಸ್ಥಳ ತುಂಬಿ, ಅಷ್ಟೇ. ಮಕ್ಕಳು ಹೋಲಿಸುವುದನ್ನು ನಾವು ನಿಲ್ಲಿಸೋಕೆ ಆಗಲ್ಲ ಮೇಡಂ, ಕಾರಿಡಾರಿನಲ್ಲಿ, ಮೊಬೈಲಿನಲ್ಲಿ ದಿನಾ ಹೋಲಿಸುತ್ತಲೇ ಇದ್ದಾರೆ, ಅದೂ ಅರ್ಧಂಬರ್ಧ ಕೇಳಿದ್ದನ್ನು ಇಟ್ಟುಕೊಂಡು. ಅದನ್ನು ಮೂಲ ಪಠ್ಯ ಕೈಯಲ್ಲಿ ಹಿಡಿದು ಮಾಡಲಿ ಅನ್ನೋದು ನನ್ನ ಆಸೆ.

ಹಾಗಾಗಿ ಈ ಕೋರ್ಸಿನಲ್ಲಿ ಧರ್ಮಕ್ಕೊಂದು ಅಧ್ಯಾಯ ಇರಲ್ಲ, ಪ್ರಶ್ನೆಗೊಂದು ಅಧ್ಯಾಯ ಇರುತ್ತೆ. ಪ್ರಳಯ, ಉಪವಾಸ, ಸತ್ತ ಮೇಲೆ ಏನು, ಪವಿತ್ರ ಸ್ಥಳಕ್ಕೆ ಸುತ್ತು ಬರುವುದು (ಬೌದ್ಧ ಸ್ತೂಪವನ್ನು ಬಲಕ್ಕಿಟ್ಟುಕೊಂಡು, ಕಾಬಾವನ್ನು ಎಡಕ್ಕಿಟ್ಟುಕೊಂಡು, ಇದಕ್ಕೆ ಮಕ್ಕಳು ಖಂಡಿತ ಎದ್ದು ಸುತ್ತಿ ನೋಡುತ್ತಾರೆ). ನನಗೆ ಜಾಸ್ತಿ ಇಷ್ಟವಾದದ್ದು ಕ್ಯಾಲೆಂಡರ್. ಇಸ್ಲಾಮಿನ ವರ್ಷ ಸುಮಾರು 354 ದಿನ, ಚಂದ್ರನ ಲೆಕ್ಕ ಮಾತ್ರ, ಹಾಗಾಗಿ ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬಂದು ಸುಮಾರು 33 ವರ್ಷಕ್ಕೆ ಎಲ್ಲಾ ಋತು ಸುತ್ತುತ್ತೆ. ಹಿಂದೂ ಪಂಚಾಂಗ ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸಿಕೊಳ್ಳುತ್ತೆ. ಯಹೂದಿಗಳು 19 ವರ್ಷದಲ್ಲಿ 7 ಹೆಚ್ಚಿನ ತಿಂಗಳು ಸೇರಿಸುತ್ತಾರೆ. ಒಂದೇ ಚಂದ್ರ, ಮೂರು ತೀರ್ಮಾನ. ಗಣಿತದ ಮೇಷ್ಟ್ರಿಗೆ ಹೇಳಿದೆ, ಎರಡು ಪೀರಿಯಡ್ ನಾನೇ ತಗೋತೀನಿ ಅಂದರು.

ಇನ್ನೊಂದು ಅಧ್ಯಾಯ ಊರೂರು ತಿರುಗಿದ ಕಥೆಗಳದ್ದು. ಬುದ್ಧನ ಬದುಕಿನ ಕಥೆ ಭಾಷೆಯಿಂದ ಭಾಷೆಗೆ ಹೋಗುತ್ತಾ, ಬೋಧಿಸತ್ವ ಅನ್ನುವ ಹೆಸರು ಸವೆಯುತ್ತಾ ಜೋಸಾಫಟ್ ಆಗಿ, ಆತ ಯುರೋಪಿನ ಕ್ರೈಸ್ತರಿಗೆ ಸಂತನೇ ಆಗಿಬಿಟ್ಟ.

ಈ ಅಧ್ಯಯನ ಹೊಸದೇನಲ್ಲ. ಮ್ಯಾಕ್ಸ್ ಮುಲ್ಲರ್ 1870ರಲ್ಲೇ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು, ಒಂದೇ ಧರ್ಮ ಬಲ್ಲವನು ಯಾವುದನ್ನೂ ಬಲ್ಲವನಲ್ಲ ಅನ್ನುವ ಅರ್ಥದ ಮಾತು ಹೇಳಿದ್ದ. ಆಮೇಲೆ ಅವನು ಶುರು ಮಾಡಿದ ಪೂರ್ವದ ಪವಿತ್ರ ಗ್ರಂಥಗಳ ಮಾಲೆ 50 ಸಂಪುಟ ಬಂತು, ಅದರಲ್ಲಿ ಬೈಬಲ್ ಇಲ್ಲ. ಗ್ರಂಥವೇ ಇಲ್ಲದೆ ಹಾಡು, ಕುಣಿತದಲ್ಲೇ ಧರ್ಮ ಉಳಿಸಿಕೊಂಡ ಜನ ಅಂತೂ ಆ ಮಾಲೆಯಲ್ಲಿ ಇಲ್ಲವೇ ಇಲ್ಲ. ಯಾಕಿಲ್ಲ ಅಂತ ಕೇಳುವುದೂ ಒಂದು ಒಳ್ಳೆ ಪಾಠ.

ಈಗ ಪಾಲಕರ ವಿಚಾರ. ನಿಮಗೆ ಬರುವ ಮೊದಲ ಫೋನ್ ಯಾವುದು ಅಂತ ನನಗೂ ಗೊತ್ತು: "ನಮ್ಮ ಮಗುವಿಗೆ ಬೇರೆ ಧರ್ಮ ಯಾಕೆ ಕಲಿಸ್ತೀರಿ?" ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಬಗ್ಗೆ ಕಲಿಸುವುದು ಬೇರೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಅದಕ್ಕೆ ಕೆಲವು ಕಟ್ಟುಪಾಡು ನಾನೇ ಹಾಕಿಕೊಳ್ಳುತ್ತೇನೆ. ಕ್ಲಾಸಿನಲ್ಲಿ ಯಾವ ಪ್ರಾರ್ಥನೆಯನ್ನೂ, ವಿಧಿಯನ್ನೂ ಮಾಡಿಸುವುದಿಲ್ಲ. ನಂಬಿಕೆಗೆ ಮಾರ್ಕ್ಸ್ ಇಲ್ಲ, ಪಠ್ಯವನ್ನು ಎಷ್ಟು ಸರಿಯಾಗಿ ಓದಿದ ಅನ್ನೋದಕ್ಕೆ ಮಾತ್ರ. ಓದುವ ಎಲ್ಲಾ ಹಾಳೆಗಳನ್ನು ವರ್ಷದ ಶುರುವಿನಲ್ಲೇ ಪಾಲಕರ ಮುಂದೆ ಇಡುತ್ತೇನೆ, ಅವರು ಸಹಿ ಹಾಕಿದ ಮೇಲೇ ಮಗು ಸೇರಲಿ. ಒಂದು ಧರ್ಮದ ಬಗ್ಗೆ ನಾವು ಬರೆದದ್ದನ್ನು ಆ ಧರ್ಮದವರು ಓದಿ "ಹೌದು, ಇದು ನಮ್ಮದೇ" ಅನ್ನಬೇಕು. ಅನ್ನದಿದ್ದರೆ ತಿದ್ದಬೇಕು.

ಯಾವ ಮಗುವನ್ನೂ ಎಬ್ಬಿಸಿ "ನಿಮ್ಮಲ್ಲಿ ಹೇಗೆ ಮಾಡ್ತೀರಿ, ಹೇಳು" ಅನ್ನುವುದೂ ಇಲ್ಲ. ಇದನ್ನು ತಪ್ಪು ಮಾಡಿಯೇ ಕಲಿತೆ. ಹಿಂದೊಮ್ಮೆ ಹಾಗೆ ಕೇಳಿದಾಗ ಒಬ್ಬ ಹುಡುಗ ಕಿವಿಯವರೆಗೂ ಕೆಂಪಾಗಿ ಸುಮ್ನೆ ನಿಂತ. ಅವರ ಮನೆಯಲ್ಲಿ ಯಾರೂ ಏನೂ ಆಚರಿಸುವುದಿಲ್ಲ ಅಂತ ಆಮೇಲೆ ತಿಳಿಯಿತು. ನಂಬದವರ ಮನೆಯ ಮಕ್ಕಳಿಗೂ ಈ ಕ್ಲಾಸಿನಲ್ಲಿ ಅಷ್ಟೇ ಜಾಗ ಇರಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಅನ್ನುವ ಊರಲ್ಲಿ 2000ದಿಂದ ಒಂಬತ್ತನೇ ತರಗತಿಯವರಿಗೆ ವಿಶ್ವಧರ್ಮಗಳ ಕೋರ್ಸ್ ಕಡ್ಡಾಯ ಮಾಡಿದರು. ನಾನು ಅಷ್ಟು ದೂರ ಹೋಗುತ್ತಿಲ್ಲ. ಮೊದಲು ಒಂದು ಟರ್ಮ್, 20 ಮಕ್ಕಳು. ಹೊಸ ಪುಸ್ತಕ ಕೊಳ್ಳಬೇಕಿಲ್ಲ, ಹಾಳೆಗಳನ್ನು ನಾನೇ ಸಿದ್ಧ ಮಾಡುತ್ತೇನೆ. ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲದಿದ್ದರೆ ನನ್ನ ಎರಡು ಬಿಡುವಿನ ಪೀರಿಯಡ್ ತೆಗೆದುಕೊಳ್ಳಿ. ನನ್ನ ಕೊರತೆಯನ್ನೂ ಹೇಳಿಬಿಡುತ್ತೇನೆ: ನನಗೆ ಅರಬ್ಬಿ, ಹೀಬ್ರೂ ಬರುವುದಿಲ್ಲ, ಎಲ್ಲಾ ಅನುವಾದದ ಮೇಲೇ ನಡೆಯಬೇಕು. ಅದಕ್ಕೆ ಒಂದೇ ಪಠ್ಯದ ಎರಡೆರಡು ಅನುವಾದ ಇಟ್ಟುಕೊಳ್ಳುತ್ತೇನೆ. ಟರ್ಮ್ ಮುಗಿದ ಮೇಲೆ ನೀವೇ ಬಂದು ಒಂದು ಕ್ಲಾಸ್ ಕೂತು ನೋಡಿ. ಸರಿ ಬರಲಿಲ್ಲ ಅನ್ನಿಸಿದರೆ ನಿಲ್ಲಿಸೋಣ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. (ಸ್ವಲ್ಪ ಮಾಡಿಕೊಳ್ಳುತ್ತೇನೆ.)

ಐಚ್ಛಿಕ ವಿಷಯದ ಫಾರ್ಮು ಮಕ್ಕಳ ಕೈಗೆ ಹೋಗುವ ಮುಂಚೆ ಅರ್ಧ ಗಂಟೆ ಸಮಯ ಕೊಡಿ ಮೇಡಂ. ಮೊದಲ ಟರ್ಮಿನ ಹಾಳೆಗಳನ್ನೂ ಮಕ್ಕಳ ಆ ಚಾರ್ಟನ್ನೂ ತರುತ್ತೇನೆ. ನೂಹನ ಮಗನ ಪಕ್ಕದಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ, ಅಳಿಸಿಲ್ಲ.

ವಂದನೆಗಳೊಂದಿಗೆ,
ನಿಮ್ಮ ಧರ್ಮ ಅಧ್ಯಯನ ಶಿಕ್ಷಕ