ಸಬ್‌ನೆಟ್ಟಿಂಗ್ ಮತ್ತು ವಿಳಾಸ ಹಂಚಿಕೆ: ಕಿರು ಪರೀಕ್ಷೆ, ಉತ್ತರ ಮತ್ತು ಅಂಕ ಹಂಚಿಕೆ

ಒಟ್ಟು ಅಂಕ: 20. ಸಮಯ: 45 ನಿಮಿಷ. ಕ್ಯಾಲ್ಕುಲೇಟರ್ ಬೇಡ. ಲೆಕ್ಕದ ಹಂತಗಳನ್ನು ಬರೆಯಲೇಬೇಕು, ಬರೀ ಉತ್ತರಕ್ಕೆ ಅರ್ಧ ಅಂಕ ಮಾತ್ರ.

ತಿದ್ದುವವರಿಗೆ ಮೊದಲೇ ಒಂದು ಮಾತು. ಒಂದು ಹಂತದಲ್ಲಿ ತಪ್ಪಿದ ವಿದ್ಯಾರ್ಥಿ ಅದೇ ತಪ್ಪು ಸಂಖ್ಯೆ ಹಿಡಿದು ಮುಂದಿನ ಹಂತಗಳನ್ನು ಸರಿಯಾಗಿ ಮಾಡಿದ್ದರೆ, ಮುಂದಿನ ಅಂಕ ಕೊಡಿ. ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆಯಬೇಡಿ.

ಪ್ರಶ್ನೆ 1 (4 ಅಂಕ)

ಒಂದು ಕಂಪ್ಯೂಟರಿನ ವಿಳಾಸ `172.16.77.200/20`. ಅದು ಇರುವ ನೆಟ್‌ವರ್ಕ್‌ನ ವಿಳಾಸ, ಬ್ರಾಡ್‌ಕಾಸ್ಟ್ ವಿಳಾಸ, ಹೋಸ್ಟ್‌ಗಳಿಗೆ ಕೊಡಬಹುದಾದ ಮೊದಲ ಮತ್ತು ಕೊನೆಯ ವಿಳಾಸ, ಹೋಸ್ಟ್‌ಗಳ ಒಟ್ಟು ಸಂಖ್ಯೆ ಬರೆಯಿರಿ.

*ಉತ್ತರ.* ಮಾಸ್ಕ್ `255.255.240.0`. ಮೊದಲ ಎರಡು ಆಕ್ಟೆಟ್ ಹಾಗೇ ಉಳಿಯುತ್ತವೆ. ಆಟ ಇರೋದು ಮೂರನೆಯದರಲ್ಲಿ:

```
77        01001101
240       11110000
AND       01000000  = 64
```

ಬಿಟ್ ಬರೆಯದೆಯೂ ಬರುತ್ತದೆ: 256 − 240 = 16, ಅಂದರೆ ಮೂರನೇ ಆಕ್ಟೆಟ್‌ನಲ್ಲಿ ಬ್ಲಾಕ್‌ಗಳು 0, 16, 32, 48, 64, 80 ಹೀಗೆ ಶುರುವಾಗುತ್ತವೆ. 77 ಬೀಳೋದು 64ರಿಂದ 79ರ ಬ್ಲಾಕ್‌ನಲ್ಲಿ.

```
ನೆಟ್‌ವರ್ಕ್       172.16.64.0
ಬ್ರಾಡ್‌ಕಾಸ್ಟ್    172.16.79.255
ಹೋಸ್ಟ್‌ಗಳು      172.16.64.1 - 172.16.79.254
ಸಂಖ್ಯೆ          2^12 - 2 = 4094
```

*ಅಂಕ:* AND ಅಥವಾ ಬ್ಲಾಕ್ ಲೆಕ್ಕ 1, ನೆಟ್‌ವರ್ಕ್ 1, ಬ್ರಾಡ್‌ಕಾಸ್ಟ್ 1, ಹೋಸ್ಟ್ ವ್ಯಾಪ್ತಿ ಮತ್ತು ಸಂಖ್ಯೆ ಸೇರಿ 1. ಬ್ರಾಡ್‌ಕಾಸ್ಟ್ `172.16.64.255` ಎಂದು ಬರೆಯುವವರು ಪ್ರತಿ ಸಲ ಸಿಗುತ್ತಾರೆ. ಕೊನೆಯ ಆಕ್ಟೆಟ್ 255 ಆದರೆ ಬ್ರಾಡ್‌ಕಾಸ್ಟ್ ಅಂತ ಬಾಯಿಪಾಠ ಮಾಡಿರುತ್ತಾರೆ, ಅಷ್ಟೆ. ಇಲ್ಲಿ ಆ ವಿಳಾಸವನ್ನು ಯಾವುದೋ ಹೋಸ್ಟ್‌ಗೆ ಸುಮ್ನೆ ಕೊಡಬಹುದು. ಆ 1 ಅಂಕ ಇಲ್ಲ.

ಪ್ರಶ್ನೆ 2 (9 ಅಂಕ)

ಕೈಯಲ್ಲಿರುವುದು `192.168.40.0/23`. ಬೇಕಾಗಿರುವುದು: ಲ್ಯಾಬ್‌ಗೆ 180, ಗ್ರಂಥಾಲಯಕ್ಕೆ 63, ಕಚೇರಿಗೆ 30 ವಿಳಾಸ (ಗೇಟ್‌ವೇ ಈ ಲೆಕ್ಕದಲ್ಲೇ ಸೇರಿದೆ), ಜೊತೆಗೆ ರೂಟರ್‌ನಿಂದ ರೂಟರ್‌ಗೆ ಎರಡು ಲಿಂಕ್.
(ಅ) ವಿಳಾಸ ಹಂಚಿ. (7)
(ಆ) ಹಂಚಿದ ಮೇಲೆ 60 ವಿಳಾಸ ಬೇಕಾದ ಇನ್ನೊಂದು ವಿಭಾಗ ಬಂದರೆ ಜಾಗ ಇದೆಯೇ? ಇದ್ದರೆ ಎಲ್ಲಿ? (2)

*ಉತ್ತರ (ಅ).* ಕೇಳಿದ ಸಂಖ್ಯೆಗೆ ಮೊದಲು 2 ಸೇರಿಸಿ, ಆಮೇಲೆ 2ರ ಘಾತಕ್ಕೆ ಏರಿಸಿ.

```
ಲ್ಯಾಬ್       180+2 = 182 -> 256  /24
ಗ್ರಂಥಾಲಯ    63+2  = 65  -> 128  /25
ಕಚೇರಿ        30+2  = 32  -> 32   /27
ಲಿಂಕ್         2+2   = 4   -> 4    /30
```

63 ಅನ್ನೋ ಸಂಖ್ಯೆಯನ್ನು ಬೇಕೆಂದೇ ಇಟ್ಟಿದ್ದು. 64ರ ಬ್ಲಾಕ್ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಹೋಸ್ಟ್‌ಗಳಿಗೆ ಸಿಗೋದು 62. ಒಂದೇ ಒಂದು ವಿಳಾಸಕ್ಕಾಗಿ ದುಪ್ಪಟ್ಟು ಬ್ಲಾಕ್ ಕೊಡಬೇಕಾಗುತ್ತದೆ. ಕಚೇರಿಯದು ಉಲ್ಟಾ: 30 ಸರಿಯಾಗಿ ಹಿಡಿಯುತ್ತದೆ, ಒಂದೂ ಉಳಿಯುವುದಿಲ್ಲ. ಹೆದರಿ /26 ಕೊಟ್ಟವರು ಲೆಕ್ಕವನ್ನು ನಂಬಿಲ್ಲ.

ದೊಡ್ಡದನ್ನು ಮೊದಲು ಇಟ್ಟುಕೊಂಡು ಹೋದರೆ:

```
ಲ್ಯಾಬ್       192.168.40.0/24    40.0   - 40.255
ಗ್ರಂಥಾಲಯ    192.168.41.0/25    41.0   - 41.127
ಕಚೇರಿ        192.168.41.128/27  41.128 - 41.159
ಲಿಂಕ್ 1       192.168.41.160/30  41.160 - 41.163
ಲಿಂಕ್ 2       192.168.41.164/30  41.164 - 41.167
```

*ಅಂಕ:* ಲ್ಯಾಬ್, ಗ್ರಂಥಾಲಯ, ಕಚೇರಿಯ ಗಾತ್ರಕ್ಕೆ ತಲಾ 1 (3). ಆ ಮೂರನ್ನು ಇಟ್ಟ ಜಾಗಕ್ಕೆ ತಲಾ 1, ಎರಡೂ ಲಿಂಕ್‌ಗೆ ಸೇರಿ 1 (4).

ಇಲ್ಲಿ ಸ್ವಲ್ಪ ನಿಧಾನವಾಗಿ ತಿದ್ದಿ. ದೊಡ್ಡದು ಮೊದಲು ಅನ್ನುವುದು ಅನುಕೂಲ, ಕಾನೂನಲ್ಲ. ಒಬ್ಬ ವಿದ್ಯಾರ್ಥಿ ಚಿಕ್ಕದರಿಂದ ಶುರು ಮಾಡಿ `40.0/30`, `40.4/30`, `40.32/27`, `40.128/25`, `41.0/24` ಎಂದು ಕೊಟ್ಟರೆ ಪೂರ್ತಿ ಅಂಕ ಕೊಡಿ. ನಡುವೆ ಖಾಲಿ ಜಾಗ ಬಿದ್ದಿದೆ, ಆದರೆ ಎಲ್ಲ ಬ್ಲಾಕ್‌ಗಳೂ ತಮ್ಮ ಗಡಿಯಲ್ಲೇ ಕೂತಿವೆ. ಲಿಂಕ್‌ಗಳು 7ಕ್ಕೆ ಮುಗಿದವು ಅಂತ ಕಚೇರಿಗೆ `40.8/27` ಕೊಟ್ಟರೆ ಮಾತ್ರ ತಪ್ಪು. 8ನ್ನು 32ರಿಂದ ಭಾಗಿಸಲು ಬರುವುದಿಲ್ಲ. ಮಾಸ್ಕ್ ಹಾಕಿ ನೋಡಿದರೆ ಆ ವಿಳಾಸ `40.0/27`ಕ್ಕೆ ಸೇರುತ್ತದೆ, ಅಲ್ಲಿ ಆಗಲೇ ಲಿಂಕ್‌ಗಳಿವೆ. ಕಚೇರಿಯನ್ನು ಇಟ್ಟ ಜಾಗಕ್ಕೆ ಸೊನ್ನೆ.

ಲಿಂಕ್‌ಗೆ /31 ಬರೆದವರಿಗೂ ಅಂಕ ಇದೆ. ಎರಡೇ ತುದಿ ಇರುವ ಲಿಂಕ್‌ಗೆ ನೆಟ್‌ವರ್ಕ್, ಬ್ರಾಡ್‌ಕಾಸ್ಟ್ ವಿಳಾಸ ಬಿಡದೆ ಎರಡನ್ನೂ ಬಳಸಬಹುದು ಎಂದು 2000ದಲ್ಲಿ ಬಂದ ಆರ್‌ಎಫ್‌ಸಿ 3021 ಹೇಳುತ್ತದೆ. ಕಾರಣವನ್ನು ಒಂದು ಸಾಲಲ್ಲಾದರೂ ಬರೆದಿರಬೇಕು. ಇಲ್ಲದಿದ್ದರೆ ತಿಳಿದು ಬರೆದರೋ ಎಣಿಕೆ ತಪ್ಪಿ ಬರೆದರೋ ಗೊತ್ತಾಗುವುದಿಲ್ಲ.

*ಉತ್ತರ (ಆ).* 60 + 2 = 62, ಹಾಗಾಗಿ 64ರ ಬ್ಲಾಕ್, /26. ಮೇಲಿನ ಹಂಚಿಕೆಯಲ್ಲಿ ಉಳಿದಿರುವುದು `41.168`ರಿಂದ `41.255`ರವರೆಗೆ, 88 ವಿಳಾಸ. 88 ಅನ್ನೋದು 64ಕ್ಕಿಂತ ಜಾಸ್ತಿ, ಆದ್ದರಿಂದ ಜಾಗ ಇದೆ ಎಂದು ನಿಲ್ಲಿಸಿದರೆ ಅದು ಅದೃಷ್ಟದ ಉತ್ತರ. 168ರಿಂದ /26 ಶುರುವಾಗುವುದಿಲ್ಲ. ಗಡಿಗಳು 0, 64, 128, 192. ಹಾಗಾಗಿ ಕೊಡಬೇಕಾದ್ದು `192.168.41.192/26`. 168ರಿಂದ 191ರವರೆಗಿನ 24 ವಿಳಾಸ ಇನ್ನೂ ಖಾಲಿ.

*ಅಂಕ:* /26 ಎಂದು ಕಂಡುಹಿಡಿದದ್ದಕ್ಕೆ 1, 192ರ ಗಡಿಗೆ 1. ವಿದ್ಯಾರ್ಥಿ (ಅ)ದಲ್ಲಿ ಬೇರೆ ರೀತಿ ಹಂಚಿದ್ದರೆ ಅವರದೇ ಹಂಚಿಕೆ ಇಟ್ಟುಕೊಂಡು ನೋಡಿ. ಚಿಕ್ಕದರಿಂದ ಶುರು ಮಾಡಿದವರಿಗೆ `40.64/26` ಖಾಲಿ ಇರುತ್ತದೆ, ಅದೂ ಸರಿ.

ಪ್ರಶ್ನೆ 3 (4 ಅಂಕ)

(ಅ) `10.8.12.0/24`ರಿಂದ `10.8.15.0/24`ರವರೆಗಿನ ನಾಲ್ಕು ನೆಟ್‌ವರ್ಕ್‌ಗಳನ್ನು ಒಂದೇ ರೂಟ್ ಆಗಿ ಬರೆಯಿರಿ. (2)
(ಆ) `10.8.14.0/24`ರಿಂದ `10.8.17.0/24`ರವರೆಗಿನ ನಾಲ್ಕನ್ನು ಒಂದೇ /22 ಆಗಿ ಬರೆಯಬಹುದೇ? (2)

*ಉತ್ತರ.* (ಅ) 12ರಿಂದ 15ರವರೆಗೆ ಬಿಟ್‌ನಲ್ಲಿ ಬರೆದರೆ ಮೊದಲ ಆರು ಬಿಟ್ `000011` ಎಲ್ಲದರಲ್ಲೂ ಒಂದೇ. 16 + 6 = 22, ಹಾಗಾಗಿ `10.8.12.0/22`.

(ಆ) ಆಗುವುದಿಲ್ಲ. ಇಲ್ಲೂ ನಾಲ್ಕೇ ಇವೆ, ಸಾಲಾಗಿಯೇ ಇವೆ. ಆದರೆ 14ನ್ನು 4ರಿಂದ ಭಾಗಿಸಲು ಬರುವುದಿಲ್ಲ. ಎರಡು ರೂಟ್ ಬೇಕು: `10.8.14.0/23` ಮತ್ತು `10.8.16.0/23`. ಹಟ ಮಾಡಿ ಒಂದೇ ರೂಟ್ ಮಾಡಿದರೆ `10.8.0.0/19` ಆಗುತ್ತದೆ, ನಮ್ಮದಲ್ಲದ 28 ನೆಟ್‌ವರ್ಕ್‌ಗಳನ್ನೂ ನಮ್ಮದೆಂದು ಸಾರಿದ ಹಾಗೆ.

*ಅಂಕ:* (ಅ) ಬಿಟ್ ಹೋಲಿಕೆ 1, ಉತ್ತರ 1. (ಆ) ಕಾರಣ 1, ಎರಡು ರೂಟ್ 1. ಬರೀ "ಇಲ್ಲ" ಎಂದರೆ ಅಂಕ ಇಲ್ಲ.

ಪ್ರಶ್ನೆ 4 (3 ಅಂಕ)

ಒಂದೇ ಸ್ವಿಚ್‌ಗೆ ಮೂರು ಸಾಧನ ಜೋಡಿಸಿದ್ದಾರೆ. ಎರಡನೇ ಕಂಪ್ಯೂಟರಿನಿಂದ ಪ್ರಿಂಟ್ ಬರುತ್ತದೆ, ಮೊದಲನೆಯದರಿಂದ ಬರುವುದಿಲ್ಲ. ಪ್ರಿಂಟರ್‌ಗೆ ಗೇಟ್‌ವೇ ಹಾಕಿಲ್ಲ. ಕಾರಣ ಏನು, ಸರಿ ಮಾಡುವುದು ಹೇಗೆ?

```
ಕಂಪ್ಯೂಟರ್ 1   192.168.5.70   255.255.255.0
ಕಂಪ್ಯೂಟರ್ 2   192.168.5.140  255.255.255.0
ಪ್ರಿಂಟರ್       192.168.5.130  255.255.255.128
```

*ಉತ್ತರ.* ಪ್ರಿಂಟರ್‌ನ ಮಾಸ್ಕ್ ಪ್ರಕಾರ ಅದರ ನೆಟ್‌ವರ್ಕ್ 128ರಿಂದ 255. 140 ಅದರೊಳಗಿದೆ, 70 ಇಲ್ಲ. ಕಂಪ್ಯೂಟರ್ 1ರ ಕಣ್ಣಿಗೆ ಪ್ರಿಂಟರ್ ಪಕ್ಕದ ಮನೆ, ಪ್ರಿಂಟರ್‌ನ ಕಣ್ಣಿಗೆ ಕಂಪ್ಯೂಟರ್ 1 ಬೇರೆ ಊರು. ಉತ್ತರ ಕಳಿಸಲು ಅದಕ್ಕೆ ದಾರಿಯೇ ಇಲ್ಲ. ಪ್ರಿಂಟರ್‌ನ ಮಾಸ್ಕ್ `255.255.255.0` ಮಾಡಿದರೆ ಸರಿಯಾಗುತ್ತದೆ.

*ಅಂಕ:* ಪ್ರಿಂಟರ್‌ನ ವ್ಯಾಪ್ತಿ 1, ಉತ್ತರ ವಾಪಸ್ ಬರುವುದಿಲ್ಲ ಎಂದು ಗುರುತಿಸಿದ್ದಕ್ಕೆ 1, ಪರಿಹಾರ 1. ಕಂಪ್ಯೂಟರ್ 1ರ ವಿಳಾಸವನ್ನು 129ರಿಂದ 254ರೊಳಗೆ, ಈಗಾಗಲೇ ಬಳಕೆಯಲ್ಲಿರುವ 130 ಮತ್ತು 140 ಬಿಟ್ಟು, ಬದಲಿಸಿದರೂ ಪ್ರಿಂಟ್ ಬರುತ್ತದೆ. ಅದಕ್ಕೂ ಆ 1 ಅಂಕ ಕೊಡಿ. ಕೇಬಲ್ ಬದಲಿಸಿ ಎಂದವರಿಗೆ ಇಲ್ಲ.