ಕರಿಯನ ದಿನಚರಿ ಮತ್ತು ಆರೈಕೆಯ ವೇಳಾಪಟ್ಟಿ, 2026

ಕರಿಯನು ನಾಲ್ಕು ವರ್ಷದ, 28 ಕಿಲೋ ತೂಕದ ಲ್ಯಾಬ್ರಡಾರ್ ಗಂಡು ನಾಯಿ. ಮನೆಯವರಲ್ಲಿ ಆ ದಿನ ಯಾರ ಸರದಿಯೋ ಅವರೇ ಊಟ ಹಾಕಿ, ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಒಬ್ಬರು ಹಾಕಿದ್ದು ತಿಳಿಯದೆ ಇನ್ನೊಬ್ಬರು ಹಾಕಿದರೆ ಅದನ್ನೂ ತಿಂದು ಮುಗಿಸುವ ಜಾತಿ ಇವನದು.

ಊಟ
ಬೆಳಿಗ್ಗೆ 7:30ಕ್ಕೆ ಮತ್ತು ಸಂಜೆ 7:30ಕ್ಕೆ ತಲಾ 170 ಗ್ರಾಂ ಒಣ ಆಹಾರವನ್ನು ತೂಕದ ಯಂತ್ರದಲ್ಲಿ ಅಳೆದೇ ಕೊಡಬೇಕು. ಬಟ್ಟಲಿನ ಅಂದಾಜು ಬೇಡ. ತರಬೇತಿಯ ತಿನಿಸು ಹೆಚ್ಚಾದ ದಿನ ಸಂಜೆಯ ಪಾಲಿನಲ್ಲಿ ಅಷ್ಟನ್ನು ಕಡಿಮೆ ಮಾಡಬೇಕು. ಕುಡಿಯುವ ನೀರನ್ನು ದಿನಕ್ಕೆರಡು ಸಲ, ಬಟ್ಟಲಿನ ತಳದ ಲೋಳೆಯನ್ನು ಉಜ್ಜಿ ತೊಳೆದು, ಬದಲಿಸಬೇಕು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಹಾಗೂ ಜೈಲಿಟಾಲ್ ಬೆರೆಸಿದ ಸಕ್ಕರೆರಹಿತ ತಿನಿಸುಗಳು ನಾಯಿಗೆ ವಿಷವಾದ್ದರಿಂದ, ಅವನು ಎಷ್ಟೇ ಮುಖ ನೋಡಿ ಕುಳಿತರೂ ಒಂದು ಚೂರನ್ನೂ ಕೊಡಕೂಡದು.

ವಾಯುವಿಹಾರ
ಬೆಳಿಗ್ಗೆ 6ಕ್ಕೆ 40 ನಿಮಿಷ, ಸಂಜೆ 5:45ಕ್ಕೆ 40 ನಿಮಿಷ ನಡೆಸಬೇಕು. ರಾತ್ರಿ 10ಕ್ಕೆ ಮೂತ್ರ ವಿಸರ್ಜನೆಗೆ ಹತ್ತು ನಿಮಿಷ ಸಾಕು. ಊಟವಾದ ಒಂದು ಗಂಟೆಯವರೆಗೆ ಓಡಿಸಬಾರದು. ಬೇಸಿಗೆಯಲ್ಲಿ ಅಂಗೈಯ ಹಿಂಬದಿಯನ್ನು ರಸ್ತೆಗೆ ತಾಗಿಸಿ ಏಳು ಸೆಕೆಂಡು ಇಡಲಾಗದಿದ್ದರೆ ಅವನ ಪಾದಗಳೂ ಸುಡುತ್ತವೆ ಎಂದು ತಿಳಿದು, ನಡಿಗೆಯನ್ನು ಮುಂದೂಡಬೇಕು.

ಲಸಿಕೆ ಮತ್ತು ಔಷಧ
ರೇಬಿಸ್ ಲಸಿಕೆಯ ಹಾಗೂ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ರೋಗಗಳ ಸಂಯುಕ್ತ ಲಸಿಕೆಯ ಮುಂದಿನ ಡೋಸುಗಳನ್ನು ಪಶುವೈದ್ಯರು ಮಾರ್ಚ್ 14, ಶನಿವಾರಕ್ಕೆ ಬರೆದಿದ್ದಾರೆ. ಅಂದು ಲಸಿಕೆ ಪುಸ್ತಕವನ್ನು ಮರೆಯದೆ ಒಯ್ಯಬೇಕು. ಚುಚ್ಚಿದ ಮೇಲೆ ಅರ್ಧ ಗಂಟೆ ಚಿಕಿತ್ಸಾಲಯದಲ್ಲೇ ಉಳಿದು, ಮುಖ ಊದುವುದು, ವಾಂತಿ ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಅಂದು, ಮರುದಿನ ಅವನು ಸ್ವಲ್ಪ ಮಂಕಾಗಿರುವುದು ಸಹಜ. ಜಂತುಹುಳುವಿನ ಮಾತ್ರೆಯನ್ನು ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ 10ರಂದು, ಅಂದಿನ ತೂಕ ನೋಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಉಣ್ಣೆಯ ಔಷಧ ಪ್ರತಿ ತಿಂಗಳ 20ಕ್ಕೆ.

ಮೈ ಆರೈಕೆ
ಸೋಮವಾರ, ಗುರುವಾರ ಮತ್ತು ಶನಿವಾರ ಕೂದಲು ಬಾಚಬೇಕು. ಬಾಚುವಾಗ ಕಿವಿಯ ಹಿಂದೆ, ಕಂಕುಳಲ್ಲಿ ಮತ್ತು ಬೆರಳುಗಳ ಸಂದಿನಲ್ಲಿ ಕೈಯಾಡಿಸಿದರೆ ಅಲ್ಲಿ ಅಡಗುವ ಉಣ್ಣೆಗಳು ಗಟ್ಟಿ ಕಾಳಿನಂತೆ ಬೆರಳಿಗೆ ಸಿಗುತ್ತವೆ. ಸ್ನಾನ ತಿಂಗಳ ಮೊದಲ ಭಾನುವಾರ, ನಾಯಿಗಳ ಶಾಂಪೂವಿನಿಂದ ಮಾತ್ರ. ನಂತರ ಕಿವಿಯ ಒಳಮಡಿಕೆಯನ್ನು ಒಣಗಿಸದಿದ್ದರೆ ಸೋಂಕು ತಗಲುತ್ತದೆ. ಉಗುರು ಕತ್ತರಿಸುವುದು ಮೂರನೆಯ ಭಾನುವಾರ. ಕರಿಯನ ಕಪ್ಪು ಉಗುರಿನೊಳಗಿನ ರಕ್ತನಾಳ ಹೊರಗೆ ಕಾಣದ ಕಾರಣ, ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಕತ್ತರಿಸಿದ ಭಾಗದ ನಡುವೆ ಕಪ್ಪು ಚುಕ್ಕೆ ಮೂಡಿದ ಕೂಡಲೇ ನಿಲ್ಲಿಸಬೇಕು. ಹಲ್ಲುಗಳನ್ನು ರಾತ್ರಿಯ ನಡಿಗೆ ಮುಗಿದ ಮೇಲೆ, ನಾಯಿಗಳಿಗೆಂದೇ ತಯಾರಿಸಿದ ಪೇಸ್ಟಿನಿಂದ ಉಜ್ಜಬೇಕು.